‘ಇಲ್ಲ’ ಎಂಬ ಉತ್ತರದೊಳಗಿನ ‘ಹೌದು’

ಎರೆಟ್ರಿಯಾದ ಮೆನೆಡೆಮಸ್ ಎಂಬ ಗ್ರೀಕ್ ತತ್ತ್ವಜ್ಞಾನಿಯನ್ನು ಕುರಿತು ಡಯೋಜಿನೀಸ್ ಲಾಯರ್ಷಿಯಸ್ ಒಂದು ಪ್ರಸಂಗವನ್ನು ದಾಖಲಿಸಿದ್ದಾನೆ. ವಾದಪ್ರಿಯನಾದ ಅಲೆಕ್ಸಿನಸ್ ಒಮ್ಮೆ ಅವನನ್ನು, ತಂದೆಯನ್ನು ಹೊಡೆಯುವುದನ್ನು ನಿಲ್ಲಿಸಿದ್ದೀಯಾ ಎಂದು ಕೇಳಿದನಂತೆ. ತಾನು ಹೊಡೆದದ್ದೂ ಇಲ್ಲ, ಆದ್ದರಿಂದ ನಿಲ್ಲಿಸಿದ್ದೂ ಇಲ್ಲ ಎಂಬುದು ಮೆನೆಡೆಮಸ್‌ನ ಉತ್ತರ. ಹೌದು ಅಥವಾ ಇಲ್ಲ ಎಂದಷ್ಟೇ ಹೇಳಬೇಕೆಂದು ಅಲೆಕ್ಸಿನಸ್ ಪಟ್ಟುಹಿಡಿದಾಗ, ಬಾಗಿಲಲ್ಲೇ ತಡೆಯಬಹುದಾದವನ ಕಟ್ಟಳೆಗೆ ಒಳಗಾಗುವುದು ಹಾಸ್ಯಾಸ್ಪದ ಎಂದು ಮೆನೆಡೆಮಸ್ ಅದನ್ನು ತಳ್ಳಿಹಾಕಿದ. ಅವನಿಗಿಂತ ಮೊದಲೇ ಅರಿಸ್ಟಾಟಲ್ ಹಲವು ಪ್ರಶ್ನೆಗಳನ್ನು ಒಂದಾಗಿ ಹೆಣೆದು ಒಂದೇ ಉತ್ತರ ಬೇಡುವುದನ್ನು ಹೇತ್ವಾಭಾಸಗಳ ಪಟ್ಟಿಗೆ ಸೇರಿಸಿದ್ದ. ಇದನ್ನು ಬಹುಪ್ರಶ್ನಾದೋಷ ಎಂದು ಕರೆಯಬಹುದು. ಪೂರ್ವಕಲ್ಪನೆಯೊಂದನ್ನು ಒಡಲಲ್ಲಿಟ್ಟುಕೊಂಡು ಬರುವ ಇಂಥ ಪ್ರಶ್ನೆಯನ್ನು ಗರ್ಭಿತ ಪ್ರಶ್ನೆ ಎನ್ನಬಹುದು.

ವಾದಸಭೆಯಲ್ಲಿ ಈ ಪ್ರಶ್ನೆಯಿಂದ ಆಗುವ ಅಪಾಯ ಕಡಿಮೆ. ಅಲ್ಲಿ ಎದುರಾಳಿ ಎಚ್ಚರದಲ್ಲಿರುತ್ತಾನೆ, ಮೆನೆಡೆಮಸ್‌ನಂತೆ ಕಟ್ಟಳೆಯನ್ನೇ ನಿರಾಕರಿಸಬಲ್ಲ. ಮುದ್ರಿತ ಪ್ರಶ್ನಾವಳಿಯ ಮುಂದೆ ಕುಳಿತ ರೈತನಿಗಾಗಲಿ ಸಂಶೋಧಕನೆದುರು ಜಗಲಿಯ ಮೇಲೆ ಕುಳಿತ ವೃದ್ಧೆಗಾಗಲಿ ಆ ಸ್ವಾತಂತ್ರ್ಯವಿಲ್ಲ. ಕನ್ನಡ ವಿಭಾಗಗಳಲ್ಲಿ ನಡೆಯುವ ಜಾನಪದ, ರಂಗಭೂಮಿ, ಉಪಭಾಷೆಗಳ ಕ್ಷೇತ್ರಕಾರ್ಯವು ಬಹುಮಟ್ಟಿಗೆ ಇಂಥವರ ಮಾತನ್ನೇ ಆಧರಿಸಿರುವುದರಿಂದ ಈ ದೋಷವನ್ನು ತರ್ಕಶಾಸ್ತ್ರದ ಪಾಠಕ್ಕಷ್ಟೇ ಬಿಟ್ಟುಕೊಡುವಂತಿಲ್ಲ.

ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಬಯಲಾಟದ ಪ್ರೇಕ್ಷಕರನ್ನು ಕುರಿತು ಅಧ್ಯಯನ ಮಾಡುತ್ತಿರುವ ವಿದ್ಯಾರ್ಥಿಯೊಬ್ಬ ಒಂದು ಊರಿನ 60 ಜನರ ಮುಂದೆ ಈ ಪ್ರಶ್ನೆಯನ್ನಿಡುತ್ತಾನೆ: “ಬಯಲಾಟ ನೋಡುವುದನ್ನು ನೀವು ಬಿಟ್ಟಿದ್ದೀರಾ?” ಉತ್ತರಕ್ಕೆ ಎರಡೇ ಚೌಕಗಳು, ‘ಹೌದು’ ಮತ್ತು ‘ಇಲ್ಲ’. 24 ಜನ ಹೌದು ಎನ್ನುತ್ತಾರೆ, 36 ಜನ ಇಲ್ಲ ಎನ್ನುತ್ತಾರೆ. ಶೇಕಡ 40ರಷ್ಟು ಜನ ಮಾತ್ರ ಬಯಲಾಟದಿಂದ ದೂರವಾಗಿದ್ದಾರೆ, ಶೇಕಡ 60ರಷ್ಟು ಜನ ಇನ್ನೂ ಅದರ ಪ್ರೇಕ್ಷಕರು ಎಂದು ಪ್ರಬಂಧದಲ್ಲಿ ದಾಖಲಾಗುತ್ತದೆ. ಕೂಡಿಸುವಿಕೆಯಲ್ಲಿ ತಪ್ಪಿಲ್ಲ, ಮಾರ್ಗದರ್ಶಕರಿಗೂ ಅನುಮಾನ ಬರುವುದಿಲ್ಲ.

ಆದರೆ ಆ 36 ಜನ ಯಾರು? ‘ಬಿಡು’ ಎಂಬ ಕ್ರಿಯಾಪದ ಹಿಂದೆ ಇದ್ದುದನ್ನು ಊಹಿಸಿಕೊಂಡೇ ಬರುತ್ತದೆ. ಎಂದೂ ಬಯಲಾಟ ನೋಡದವನು ‘ಹೌದು’ ಎಂದರೆ ಹಿಂದೆ ನೋಡುತ್ತಿದ್ದೆ ಎಂದಾಗುತ್ತದೆ, ‘ಇಲ್ಲ’ ಎಂದರೆ ಈಗಲೂ ನೋಡುತ್ತಿದ್ದೇನೆ ಎಂದಾಗುತ್ತದೆ. ಬಿಡುವುದಕ್ಕೆ ತನ್ನಲ್ಲಿ ಏನೂ ಇಲ್ಲವಾದ್ದರಿಂದ ಅವನು ಸಾಮಾನ್ಯವಾಗಿ ‘ಇಲ್ಲ’ವನ್ನೇ ಆಯ್ದುಕೊಳ್ಳುತ್ತಾನೆ. ಆ 36 ಜನರಲ್ಲಿ 20 ಜನ ಎಂದೂ ಆಟ ನೋಡದವರಾಗಿದ್ದರೆ, ಒಮ್ಮೆಯಾದರೂ ಪ್ರೇಕ್ಷಕರಾಗಿದ್ದವರು 40 ಜನ ಮಾತ್ರ. ಆ 40ರಲ್ಲಿ 24 ಜನ ಬಿಟ್ಟಿದ್ದಾರೆ, ಅಂದರೆ ಶೇಕಡ 60. ಊರಿನ ಯಾರ ಉತ್ತರವೂ ಬದಲಾಗಿಲ್ಲ, ತೀರ್ಮಾನ ಮಾತ್ರ ತಲೆಕೆಳಗಾಗಿದೆ. ಪ್ರಬಂಧದ ಓದುಗನಿಗೆ ಇದು ತಿಳಿಯುವ ಮಾರ್ಗವೂ ಇಲ್ಲ, ಏಕೆಂದರೆ ನೋಡದವರನ್ನು ಬೇರ್ಪಡಿಸುವ ಮಾಹಿತಿಯನ್ನು ಪ್ರಶ್ನಾವಳಿ ಸಂಗ್ರಹಿಸಿಯೇ ಇಲ್ಲ.

ಕನ್ನಡದಲ್ಲಿ ನಿಷೇಧಕ್ಕೆ ‘ಇಲ್ಲ’, ‘ಅಲ್ಲ’ ಎಂದು ಎರಡು ರೂಪಗಳಿರುವುದು ಇಲ್ಲಿ ನೆರವಾಗಬಹುದೆಂದು ತೋರುತ್ತದೆ, ಆದರೆ ಆಗುವುದಿಲ್ಲ. ‘ಇಲ್ಲ’ ಕ್ರಿಯೆಯನ್ನೋ ಇರವನ್ನೋ ನಿಷೇಧಿಸುತ್ತದೆ, ‘ಅಲ್ಲ’ ಒಂದು ವಸ್ತು ಇನ್ನೊಂದಾಗಿರುವುದನ್ನು ನಿಷೇಧಿಸುತ್ತದೆ. ಪ್ರಶ್ನೆಯ ಪೂರ್ವಕಲ್ಪನೆಯನ್ನು ಮುಟ್ಟುವ ಶಕ್ತಿ ಎರಡಕ್ಕೂ ಇಲ್ಲ. ಅದಕ್ಕೆ “ನಾನು ನೋಡಿಯೇ ಇಲ್ಲವಲ್ಲ ಸ್ವಾಮಿ” ಎಂಬ ಇಡೀ ವಾಕ್ಯವೇ ಬೇಕು. ಆ ವಾಕ್ಯವನ್ನು ಬರೆದುಕೊಳ್ಳಲು ಪ್ರಶ್ನಾವಳಿಯಲ್ಲಿ ಚೌಕವಿಲ್ಲ. ಕ್ಷೇತ್ರಕಾರ್ಯದ ಮೊದಲ ದಿನವೇ ಮೂರು ನಾಲ್ಕು ಜನ ಹೀಗೆ ಇಡೀ ವಾಕ್ಯದಲ್ಲಿ ಉತ್ತರಿಸಿದರೆ, ಅಥವಾ “ಹಾಗೇನಿಲ್ಲ…” ಎಂದು ತಡವರಿಸಿದರೆ, ಕೆಟ್ಟಿರುವುದು ಪ್ರಶ್ನೆ ಎಂದು ತಿಳಿಯಬೇಕು. ಬಹಳಷ್ಟು ವಿದ್ಯಾರ್ಥಿಗಳು ಇದನ್ನು ಹಳ್ಳಿಯವರ ಅಸ್ಪಷ್ಟತೆ ಎಂದು ಭಾವಿಸಿ, ತಾವೇ ಒಂದು ಚೌಕಕ್ಕೆ ಗುರುತು ಹಾಕಿಬಿಡುತ್ತಾರೆ. ಪ್ರಶ್ನಾವಳಿಗಳ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದ ಟಿಪ್ಪಣಿಗಳು ಒಳಗಿನ ಗುರುತುಗಳಿಗಿಂತ ಹೆಚ್ಚು ವಿಶ್ವಾಸಾರ್ಹವಾಗಿರುವುದು ಈ ಕಾರಣಕ್ಕೇ.

ಇದಕ್ಕೆ ಪರಿಹಾರ ಪ್ರಶ್ನೆಯನ್ನು ಒಡೆಯುವುದು. ಮೊದಲು “ಬಯಲಾಟವನ್ನು ಎಂದಾದರೂ ನೋಡಿದ್ದೀರಾ?” ಎಂದು ಕೇಳಬೇಕು. ಇಲ್ಲ ಎಂದವರಿಗೆ ಮುಂದಿನ ಪ್ರಶ್ನೆಗಳಿಲ್ಲ. ಹೌದು ಎಂದವರಿಗೆ “ಕೊನೆಯ ಸಲ ನೋಡಿದ್ದು ಯಾವಾಗ?” ಎಂಬುದು ಎರಡನೆಯದು. ಬಿಟ್ಟಿದ್ದಾರೋ ಇಲ್ಲವೋ ಎಂಬುದನ್ನು ಅವರ ಬಾಯಿಂದ ಹೇಳಿಸಬೇಕಾಗಿಯೇ ಇಲ್ಲ. ಕೊನೆಯ ಸಲ ನೋಡಿದ ಕಾಲದಿಂದ ಸಂಶೋಧಕ ತೀರ್ಮಾನಿಸಬಹುದು. ಕಾರಣವನ್ನು ಎಲ್ಲಕ್ಕಿಂತ ಕೊನೆಗೆ, ಆಯ್ಕೆಗಳನ್ನು ಕೊಡದೆ ಕೇಳಬೇಕು. “ಟೀವಿ ಬಂದ ಮೇಲೆ ಏಕೆ ಬಿಟ್ಟಿರಿ?” ಎಂಬ ಒಂದು ಸಾಲಿನಲ್ಲಿ ನೋಡುತ್ತಿದ್ದರು, ಬಿಟ್ಟರು, ಟೀವಿ ಬಂದ ಮೇಲೆ ಬಿಟ್ಟರು ಎಂಬ ಮೂರು ಸಂಗತಿಗಳು ಒಪ್ಪಿತವಾಗಿಬಿಡುತ್ತವೆ, ಟೀವಿಯೇ ಕಾರಣ ಎಂಬ ನಾಲ್ಕನೆಯ ಸೂಚನೆಯೂ ಸೇರುತ್ತದೆ.

ಒಡೆದು ಉತ್ತರಿಸುವ ಈ ಕ್ರಮ ಭಾರತೀಯ ವಾದಪರಂಪರೆಗೆ ಅಪರಿಚಿತವಲ್ಲ. ಭಗವತೀಸೂತ್ರದ ಹದಿನೆಂಟನೆಯ ಶತಕದಲ್ಲಿ ವಾಣಿಜ್ಯಗ್ರಾಮದ ಬ್ರಾಹ್ಮಣ ಸೋಮಿಲನು ಮಹಾವೀರನನ್ನು ಸೋಲಿಸಬೇಕೆಂದೇ ಬರುತ್ತಾನೆ. ‘ಸರಿಸವ’ ಭಕ್ಷ್ಯವೋ ಅಭಕ್ಷ್ಯವೋ ಎಂಬುದು ಅವನ ಪ್ರಶ್ನೆಗಳಲ್ಲೊಂದು. ಪ್ರಾಕೃತದಲ್ಲಿ ಆ ಪದಕ್ಕೆ ಸಾಸಿವೆ ಎಂದೂ ಅರ್ಥ, ಸಮವಯಸ್ಕ ಎಂದೂ ಅರ್ಥ. ಭಕ್ಷ್ಯ ಎಂದರೆ ಗೆಳೆಯನನ್ನು ತಿನ್ನಬಹುದೆಂದಾಗುತ್ತದೆ, ಅಭಕ್ಷ್ಯ ಎಂದರೆ ಸಾಸಿವೆಯೂ ನಿಷಿದ್ಧವಾಗುತ್ತದೆ. ಮಹಾವೀರನು ಪದವನ್ನು ಎರಡಾಗಿ ವಿಂಗಡಿಸುತ್ತಾನೆ. ಸಮವಯಸ್ಕರು ಶ್ರಮಣರಿಗೆ ಅಭಕ್ಷ್ಯ. ಧಾನ್ಯವಾದ ಸಾಸಿವೆಯನ್ನು ಮತ್ತೆ ನಿರ್ಜೀವವಾದದ್ದು, ಆಗದಿರುವುದು ಎಂದು ವಿಂಗಡಿಸಿ, ನಿರ್ಜೀವವಾದುದರಲ್ಲಿಯೂ ನಿಯಮದಂತೆ ಬೇಡಿ ಪಡೆದದ್ದು ಮಾತ್ರ ಭಕ್ಷ್ಯ ಎನ್ನುವವರೆಗೂ ಒಡೆಯುತ್ತಾ ಹೋಗುತ್ತಾನೆ. ‘ಮಾಸ’ ಎಂಬಲ್ಲಿ ತಿಂಗಳು ಮತ್ತು ಉದ್ದು, ‘ಕುಲತ್ಥ’ ಎಂಬಲ್ಲಿ ಕುಲಸ್ತ್ರೀ ಮತ್ತು ಹುರುಳಿ ಎಂಬ ಶ್ಲೇಷಗಳಿಗೂ ಇದೇ ಕ್ರಮ. ಸೋಮಿಲನ ಪ್ರಶ್ನೆಯಲ್ಲಿ ಬೆಸುಗೆಯಾಗಿರುವುದು ಎರಡು ಅರ್ಥ, ಬಯಲಾಟದ ಪ್ರಶ್ನೆಯಲ್ಲಿ ಎರಡು ಸಂಗತಿ. ಈ ಭೇದವನ್ನು ಮರೆಯಬಾರದು. ಇನ್ನೊಂದು ಭೇದವೂ ಉಂಟು: ಅಲ್ಲಿ ಪ್ರಶ್ನೆಯನ್ನು ಒಡೆದವನು ಉತ್ತರಿಸುವವನು. ಸಮೀಕ್ಷೆಯಲ್ಲಿ ಆ ಹೊಣೆಯನ್ನು ಕೇಳುವವನೇ ಹೊರಬೇಕು.

ಮೌಖಿಕ ಸಂದರ್ಶನದಲ್ಲಿ ಚೌಕಗಳಿಲ್ಲದಿರುವುದರಿಂದ ಈ ತೊಂದರೆ ಇಲ್ಲವೆಂದು ಭಾವಿಸಲಾಗುತ್ತದೆ. ವಾಸ್ತವವಾಗಿ ಅಲ್ಲಿ ತೊಂದರೆ ಇನ್ನೂ ಆಳದ್ದು. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಪ್ರಕಟಿಸಿದ ಪ್ರಯೋಗವೊಂದರಲ್ಲಿ 150 ವಿದ್ಯಾರ್ಥಿಗಳಿಗೆ ಕಾರುಗಳ ಅಪಘಾತದ ಚಿತ್ರವನ್ನು ತೋರಿಸಲಾಯಿತು. 50 ಜನರಿಗೆ ಕಾರುಗಳು ಒಂದಕ್ಕೊಂದು ಅಪ್ಪಳಿಸಿದಾಗ ವೇಗವೆಷ್ಟಿತ್ತು ಎಂದೂ, 50 ಜನರಿಗೆ ತಾಗಿದಾಗ ವೇಗವೆಷ್ಟಿತ್ತು ಎಂದೂ ಕೇಳಲಾಯಿತು; ಉಳಿದ 50 ಜನರಿಗೆ ವೇಗದ ಪ್ರಶ್ನೆಯನ್ನೇ ಕೇಳಲಿಲ್ಲ. ಒಂದು ವಾರದ ಬಳಿಕ ಅವರೆಲ್ಲರಿಗೂ ಒಡೆದ ಗಾಜನ್ನು ಕಂಡಿರಾ ಎಂಬ ಪ್ರಶ್ನೆ. ಚಿತ್ರದಲ್ಲಿ ಒಡೆದ ಗಾಜು ಇರಲೇ ಇಲ್ಲ. ‘ಅಪ್ಪಳಿಸು’ ಎಂಬ ಪದ ಕೇಳಿದ್ದವರಲ್ಲಿ 16 ಜನ ಕಂಡೆವೆಂದರು, ‘ತಾಗು’ ಎಂಬುದನ್ನು ಕೇಳಿದ್ದವರಲ್ಲಿ 7 ಜನ, ಏನನ್ನೂ ಕೇಳಿಸಿಕೊಳ್ಳದವರಲ್ಲಿ 6 ಜನ. ಪ್ರಶ್ನೆಯಲ್ಲಿದ್ದ ಒಂದು ಕ್ರಿಯಾಪದ ಒಂದು ವಾರದ ನಂತರ ನೆನಪಾಗಿ ಹೊರಬಂದಿತ್ತು. ಹೆಚ್ಚಿನವರು ಗಾಜನ್ನು ಕಾಣಲಿಲ್ಲವೆಂದೇ ಹೇಳಿದರು ಎಂಬುದನ್ನೂ ಗಮನಿಸಬೇಕು, ಪ್ರಶ್ನೆ ಸರ್ವಶಕ್ತವಲ್ಲ.

ಮುಂದಿನ ವರ್ಷ ಲಾಫ್ಟಸ್ ಮತ್ತು ಗೈಡೊ ಝಾನಿ ಇನ್ನೂ ಸಣ್ಣದಾದ ಭೇದವನ್ನು ಪರೀಕ್ಷಿಸಿದರು: ಪ್ರಶ್ನೆಯಲ್ಲಿ ಅನಿಶ್ಚಿತ ಉಪಪದದ ಬದಲು ನಿಶ್ಚಿತ ಉಪಪದವನ್ನು ಬಳಸಿದಾಗ, ಚಿತ್ರದಲ್ಲಿ ಇಲ್ಲದ ವಸ್ತುವನ್ನೂ ಕಂಡೆವೆನ್ನುವವರು ಹೆಚ್ಚಿದರು, ಗೊತ್ತಿಲ್ಲ ಎನ್ನುವವರು ಕಡಿಮೆಯಾದರು. ಕನ್ನಡದಲ್ಲಿ ಇಂಗ್ಲಿಷಿನಂತಹ ಉಪಪದಗಳಿಲ್ಲ, ಆದರೆ ಅದೇ ಕೆಲಸವನ್ನು ಕೃದಂತಗಳು ಮಾಡುತ್ತವೆ. “ದೀಪ ಏನಾದರೂ ಒಡೆದಿತ್ತೇ?” ಎಂಬುದು ತೆರೆದ ಪ್ರಶ್ನೆ. “ದೀಪ ಒಡೆದದ್ದನ್ನು ಕಂಡಿರಾ?” ಎಂದಾಗ ಒಡೆದದ್ದು ನಿಶ್ಚಯವಾಗಿ, ಕಂಡದ್ದು ಮಾತ್ರ ಪ್ರಶ್ನೆಯಾಗಿ ಉಳಿಯುತ್ತದೆ. “ನಿಮ್ಮ ಮೇಳ ಒಡೆದದ್ದು ನಿಮಗೆ ಬೇಸರವಾಯಿತೇ?” ಎಂದು ಕಲಾವಿದನನ್ನು ಕೇಳಿದರೂ ಇದೇ ಆಗುತ್ತದೆ. ಮೇಳ ಒಡೆಯಿತೋ, ಋತು ಮುಗಿದು ಚದುರಿತೋ, ಹೆಸರು ಬದಲಾಯಿಸಿ ಮುಂದುವರಿಯಿತೋ ಎಂಬುದು ಇನ್ನು ಚರ್ಚೆಗೆ ಬರುವುದಿಲ್ಲ. ದೂರದಿಂದ ಬಂದ, ಓದಿದ ಅತಿಥಿಯ ಮಾತನ್ನು ತಿದ್ದುವುದು ಮರ್ಯಾದೆಯಲ್ಲವೆಂದು ಆತ “ಹೂಂ ಸ್ವಾಮಿ, ಬೇಸರವಾಯಿತು” ಎನ್ನುತ್ತಾನೆ. ಪ್ರಬಂಧದಲ್ಲಿ ಪ್ರಶ್ನೆ ಅಚ್ಚಾಗುವುದಿಲ್ಲ. ಮೇಳ ಒಡೆದ ಬಗ್ಗೆ ವಕ್ತೃ ಬೇಸರ ವ್ಯಕ್ತಪಡಿಸಿದರು ಎಂಬುದಷ್ಟೇ ಅಚ್ಚಾಗುತ್ತದೆ. ಇಪ್ಪತ್ತು ವರ್ಷಗಳ ಬಳಿಕ ಅದು ಆಕರ.

ಆದ್ದರಿಂದ ಧ್ವನಿಮುದ್ರಣವನ್ನು ಬರಹಕ್ಕಿಳಿಸುವಾಗ ಪ್ರಶ್ನೆಗಳನ್ನು ಬಿಟ್ಟುಬಿಡುವ ರೂಢಿ ಆಕ್ಷೇಪಾರ್ಹ. ಪ್ರಶ್ನೆಗಳು ಉಳಿದಿದ್ದರೆ ಒಂದು ಸರಳ ಪರೀಕ್ಷೆ ಸಾಧ್ಯ: ತೀರ್ಮಾನಕ್ಕೆ ಆಧಾರವಾದ ಪದ ಮೊದಲು ಯಾರ ಬಾಯಿಂದ ಬಂತು? ‘ಒಡೆಯಿತು’, ‘ಅವನತಿ’, ‘ಶೋಷಣೆ’ ಎಂಬ ಮಾತು ಮೊದಲು ಸಂದರ್ಶಕನ ಸಾಲಿನಲ್ಲಿ ಕಾಣಿಸಿಕೊಂಡು ಬಳಿಕ ವಕ್ತೃವಿನ ಸಾಲಿನಲ್ಲಿ ಬಂದಿದ್ದರೆ ಅದನ್ನು ವಕ್ತೃವಿನ ಅಭಿಪ್ರಾಯವೆಂದು ಉಲ್ಲೇಖಿಸುವಂತಿಲ್ಲ.

ಗರ್ಭಿತ ಪ್ರಶ್ನೆಯನ್ನು ತಿಳಿದೇ ಬಳಸಿದವರೂ ಉಂಟು. ಅಮೆರಿಕದ ಆಲ್ಫ್ರೆಡ್ ಕಿನ್ಸೆ 1948ರಲ್ಲಿ ಪ್ರಕಟಿಸಿದ ಪುರುಷರ ಲೈಂಗಿಕ ವರ್ತನೆಯ ಅಧ್ಯಯನದಲ್ಲಿ, ಇಂಥದ್ದನ್ನು ಮಾಡಿದ್ದೀರಾ ಎಂದು ಕೇಳದೆ, ಮೊದಲು ಮಾಡಿದಾಗ ವಯಸ್ಸೆಷ್ಟು ಎಂದು ಕೇಳುವುದೇ ಪದ್ಧತಿಯಾಗಿತ್ತು. ನಾಚಿಕೆಯ ವಿಷಯದಲ್ಲಿ ಇಲ್ಲ ಎನ್ನುವುದು ಸುಲಭ. ಆ ಸುಲಭವನ್ನು ಕಸಿದುಕೊಳ್ಳುವುದು, ನಿರಾಕರಣೆಯ ಭಾರವನ್ನು ಉತ್ತರಿಸುವವನ ಮೇಲೆ ಹೊರಿಸುವುದು ಅವನ ಉದ್ದೇಶ. ಈ ವಾದದಲ್ಲಿ ಸತ್ಯಾಂಶವಿದೆ. ಕುಡಿತವನ್ನೋ ಮನೆಯೊಳಗಿನ ಹೊಡೆತವನ್ನೋ ಕುರಿತು ನೇರವಾಗಿ ಕೇಳಿದರೆ ಬರುವ ‘ಇಲ್ಲ’ಗಳನ್ನೆಲ್ಲ ನಂಬುವುದು ಮುಗ್ಧತೆ. ಆದರೆ ಮುಚ್ಚಿಡುವವನನ್ನು ಹೊರಗೆಳೆಯುವ ಬಲೆ ಒಪ್ಪಿಕೊಳ್ಳುವ ಸ್ವಭಾವದವನನ್ನೂ ಹಿಡಿಯುತ್ತದೆ. ಕಿನ್ಸೆಯ ತಂಡವು ಕೆಲವರನ್ನು ಕಾಲಾನಂತರ ಮತ್ತೆ ಸಂದರ್ಶಿಸಿ, ಗಂಡ ಹೆಂಡತಿಯರ ಉತ್ತರಗಳನ್ನು ಹೋಲಿಸಿ ಪರೀಕ್ಷಿಸಿತ್ತು. ಹೇಳಿಕೆಗಳು ಪರಸ್ಪರ ಹೊಂದುತ್ತವೆಯೇ ಎಂಬುದನ್ನು ಅದು ತೋರಿಸಬಲ್ಲದು. ಸಂಕೋಚದಿಂದ ಮೊದಲ ಸಲ ಹೂಂ ಎಂದವನು ಅದೇ ಪ್ರಶ್ನೆಗೆ ಎರಡನೆಯ ಸಲವೂ ಹೂಂ ಎಂದರೆ, ಆ ಎರಡು ಹೂಂಗಳೂ ಚೆನ್ನಾಗಿಯೇ ಹೊಂದುತ್ತವೆ.