ಊಟ ಸರಿಯಾಗೇ ಇದೆ, ತೂಕ ಯಾಕೆ ಇಳೀತಿದೆ? ಆಹಾರ ತಜ್ಞೆ ಬರೆದ ಒಂದು ಪತ್ರ

ನಮ್ಮ ದೊಡ್ಡಪ್ಪನ ಆಸ್ಪತ್ರೆ ಫೈಲಿನಲ್ಲಿ ಒಂದು ಪುಟದ ಪತ್ರ ಇದೆ. ಬರೆದವರು ಡಾಕ್ಟರ್ ಅಲ್ಲ, ಡಯಟಿಷಿಯನ್, ಅಂದರೆ ಆಹಾರ ತಜ್ಞೆ. ಶುಗರ್ ಇರುವವರು ಏನು ತಿನ್ನಬೇಕು ಅಂತ ಬರೆಸಿಕೊಂಡು ಬರಲು ಹೋದವನಿಗೆ ಆಕೆ ಊಟದ ಪಟ್ಟಿ ಕೊಡುವ ಮೊದಲು ಈ ಪತ್ರ ಕೊಟ್ಟು, ಮತ್ತೆ ಡಾಕ್ಟರ್ ಹತ್ತಿರ ಕಳಿಸಿದರು. ಯಾಕೆ ಕಳಿಸಿದರು, ಪತ್ರದಲ್ಲಿ ಏನಿತ್ತು ಅನ್ನೋದು ನಮ್ಮ ಕಡೆ ಎಲ್ಲರಿಗೂ ಗೊತ್ತಿದ್ದರೆ ಒಳ್ಳೆಯದು ಅನ್ನಿಸಿ ಬರೆಯುತ್ತಿದ್ದೇನೆ.

ದೊಡ್ಡಪ್ಪನಿಗೆ 56 ವರ್ಷ. ದೊಡ್ಡಉಳ್ಳಾರ್ತಿಯಲ್ಲಿ ನಾಲ್ಕು ಎಕರೆ ಶೇಂಗಾ ಹೊಲ, ಒಂದಿಷ್ಟು ಕುರಿ. ಜನವರಿಯಲ್ಲಿ ಊರಿಗೆ ಆರೋಗ್ಯ ಶಿಬಿರ ಬಂದಾಗ ತೂಕ 62 ಕೆ.ಜಿ. ಇತ್ತು. ಮಾರ್ಚ್‌ನಲ್ಲಿ ಸುಸ್ತು ಅಂತ ರಕ್ತ ಕೊಟ್ಟಾಗ 58. ಆಗಲೇ ಶುಗರ್ ಗೊತ್ತಾಗಿದ್ದು. ಖಾಲಿ ಹೊಟ್ಟೆಯಲ್ಲಿ 138, ಮೂರು ತಿಂಗಳ ಸರಾಸರಿ ತೋರಿಸುವ ಪರೀಕ್ಷೆಯಲ್ಲಿ 7.2. ಮಾತ್ರೆ ಶುರುವಾಯಿತು. ಜೂನ್ ಹೊತ್ತಿಗೆ ತೂಕ 54. ಊರಲ್ಲಿ ಕೇಳಿದವರಿಗೆಲ್ಲ ಉತ್ತರ ಸಿಕ್ಕಿಯೇ ಬಿಟ್ಟಿತ್ತು: "ಶುಗರ್ ಬಂದೈತೆ, ಅದಕ್ಕೇ ಸೊರಗ್ಯಾನೆ." ಒಂದು ಕಾಯಿಲೆಯ ಹೆಸರು ಸಿಕ್ಕಿದ ಮೇಲೆ ಇನ್ನೊಂದನ್ನು ಯಾರೂ ಹುಡುಕುವುದಿಲ್ಲ.

ಚಿತ್ರದುರ್ಗಕ್ಕೆ ಅವನ ಜೊತೆ ನಾನೂ ದೊಡ್ಡಮ್ಮನೂ ಹೋಗಿದ್ದೆವು. ಆಹಾರ ತಜ್ಞೆ ಮೊದಲು ನೋಡಿದ್ದು ಹಳೇ ಚೀಟಿಗಳ ಮೇಲಿನ ತಾರೀಖು. ಮಾತ್ರೆ ಶುರುವಾಗಿದ್ದು ಮಾರ್ಚ್‌ನಲ್ಲಿ, ಆದರೆ 62ರಿಂದ 58ಕ್ಕೆ ಇಳಿದಿದ್ದು ಅದಕ್ಕೂ ಮುಂಚೆ. ಹಾಗಾಗಿ ಮಾತ್ರೆಯಿಂದಲೇ ತೂಕ ಇಳಿಯಿತು ಅನ್ನುವ ಹಾಗಿರಲಿಲ್ಲ. ಆಮೇಲೆ ಬೆಲ್ಟ್ ನೋಡಿದರು. ಮೊಳೆ ಹೊಡೆದು ಮಾಡಿದ ಎರಡು ಹೊಸ ತೂತು ಇದ್ದವು. ಬೇರೆ ಬೇರೆ ಕಡೆಯ ತಕ್ಕಡಿ ಬೇರೆ ಬೇರೆ ಲೆಕ್ಕ ತೋರಿಸಬಹುದು, ಅದಕ್ಕೇ ಬೆಲ್ಟು, ಉಂಗುರ, ಅಂಗಿಯ ಕಾಲರ್ ಕೂಡ ನೋಡುತ್ತಾರಂತೆ.

ಇಲ್ಲಿ ಒಂದು ಲೆಕ್ಕ ಇದೆ, ಫೋನಿನಲ್ಲೇ ಮಾಡಬಹುದು. ಇಳಿದ ತೂಕವನ್ನು ಮೊದಲಿದ್ದ ತೂಕದಿಂದ ಭಾಗಿಸಿ 100ರಿಂದ ಗುಣಿಸಬೇಕು. 8 ಭಾಗಿಸು 62, ಗುಣಿಸು 100, ಅಂದರೆ ಸುಮಾರು 13. ಬೇಕಂತಲೇ ಇಳಿಸದೆ, ಆರು ತಿಂಗಳಿಂದ ಒಂದು ವರ್ಷದೊಳಗೆ ನೂರಕ್ಕೆ 5ರಷ್ಟು ಇಳಿದರೆ ಕಾರಣ ಹುಡುಕಬೇಕು ಅನ್ನುವುದು ವೈದ್ಯರ ಲೆಕ್ಕಾಚಾರ. ದೊಡ್ಡಪ್ಪ ಐದೇ ತಿಂಗಳಲ್ಲಿ ಅದರ ಎರಡು ಪಟ್ಟು ದಾಟಿದ್ದ. ಹಾಗಿದ್ದೂ ಎತ್ತರಕ್ಕೆ ತಕ್ಕ ತೂಕದ ಪಟ್ಟಿಯಲ್ಲಿ ಅವನು ಇನ್ನೂ 'ನಾರ್ಮಲ್' ಸಾಲಿನಲ್ಲೇ ಇದ್ದ. ಇವತ್ತಿನ ತೂಕ ಒಂದನ್ನೇ ನೋಡಿದ್ದರೆ ಯಾರಿಗೂ ಅನುಮಾನ ಬರುತ್ತಿರಲಿಲ್ಲ.

ಆಮೇಲೆ ಊಟದ ವಿಚಾರಣೆ. ಅವನನ್ನು ಕೇಳಿದ ಮೇಲೆ ದೊಡ್ಡಮ್ಮನನ್ನೂ ಬೇರೆಯಾಗಿ ಕೇಳಿದರು. "ಮುದ್ದೆ ಎಷ್ಟು ದಪ್ಪ? ಎಷ್ಟು ಹಿಟ್ಟು ಹಾಕ್ತೀರಮ್ಮ? ಹೋದ ವರ್ಷಾನೂ ಇಷ್ಟೇ ಹಾಕ್ತಿದ್ರಾ?" ಊಟದ ಬಗ್ಗೆ ಹೇಳುವಾಗ ಜನ ಹೆಚ್ಚು ಕಮ್ಮಿ ಮಾಡುತ್ತಾರೆ, ಹಿಟ್ಟಿನ ಡಬ್ಬಿ ಅಷ್ಟು ತಪ್ಪು ಹೇಳುವುದಿಲ್ಲ. ತಿಳಿದದ್ದು ಇಷ್ಟು: ಬೆಳಿಗ್ಗೆ ರೊಟ್ಟಿ, ಮಧ್ಯಾಹ್ನ ಮುದ್ದೆ, ಅನ್ನ, ಸಾರು, ರಾತ್ರಿ ಮುದ್ದೆ, ಎಲ್ಲಾ ಹೋದ ವರ್ಷದ ಹಾಗೇ. ಒಂದು ತಿಂಗಳಿಂದ ಮಾತ್ರ ರಾತ್ರಿ ಅರ್ಧ ಮುದ್ದೆ ಬಿಡುತ್ತಿದ್ದ. ಕೆಲಸ ಹೆಚ್ಚಾಗಿರಲಿಲ್ಲ, ಸುಸ್ತು ಅಂತ ಕುರಿ ಮೇಯಿಸುವುದನ್ನು ಮಗನಿಗೆ ಬಿಟ್ಟಿದ್ದ. ವಾಂತಿ, ಭೇದಿ, ನುಂಗಲು ಕಷ್ಟ ಯಾವುದೂ ಇರಲಿಲ್ಲ.

ಅರ್ಧ ಮುದ್ದೆ ಅಂದರೆ ಸುಮಾರು 50 ಗ್ರಾಂ ರಾಗಿ ಹಿಟ್ಟು, 160 ಕ್ಯಾಲೊರಿ. ಮೂವತ್ತು ದಿನಕ್ಕೆ 4,800. ಒಂದು ಕೆ.ಜಿ. ತೂಕ ಇಳಿಯಲು ಸುಮಾರು 7,700 ಕ್ಯಾಲೊರಿ ಕೊರತೆ ಬೀಳಬೇಕು. ಹಾಗಾದರೆ ಬಿಟ್ಟ ಮುದ್ದೆಯ ಲೆಕ್ಕಕ್ಕೆ ಹೋಗುವುದು ಅರ್ಧ ಕೆ.ಜಿ.ಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಉಳಿದ ಏಳೂ ಚಿಲ್ಲರೆ ಕೆ.ಜಿ. ಎಲ್ಲಿ ಹೋಯಿತು?

ಶುಗರ್‌ಗೆ ಹೋಯಿತು ಅನ್ನಬಹುದು. ಶುಗರ್ ತುಂಬಾ ಏರಿದಾಗ ತೂಕ ಇಳಿಯುವುದು ನಿಜ. ರಕ್ತದಲ್ಲಿ ಸಕ್ಕರೆ ಸುಮಾರು 180 ದಾಟಿದರೆ ಕಿಡ್ನಿ ಅದನ್ನು ತಡೆಯಲಾರದೆ ಮೂತ್ರಕ್ಕೆ ಬಿಡುತ್ತದೆ, ತಿಂದಿದ್ದು ಹಾಗೇ ಸೋರಿಹೋಗುತ್ತದೆ. ಆಗ ಪದೇ ಪದೇ ಮೂತ್ರ, ತಡೆಯಲಾರದ ಬಾಯಾರಿಕೆ ಇರುತ್ತದೆ. ದೊಡ್ಡಪ್ಪನಿಗೆ ಅವೆರಡೂ ಇರಲಿಲ್ಲ. ಮೂತ್ರ ಪರೀಕ್ಷೆಯಲ್ಲಿ ಸಕ್ಕರೆ ಇಲ್ಲ ಅಂತ ಬಂದಿತ್ತು. ಹಾಗಾಗಿ ಶುಗರ್ ಇದೆ ನಿಜ, ಇಷ್ಟು ತೂಕ ಇಳಿಸುವಷ್ಟು ಇಲ್ಲ.

ಉಳಿದದ್ದು ಲ್ಯಾಬ್ ರಿಪೋರ್ಟಿನ ಮೂರು ಸಾಲು. ಹಿಮೋಗ್ಲೋಬಿನ್ 10.1, ಗಂಡಸರಿಗೆ 13 ಇರಬೇಕು. ಇಎಸ್‌ಆರ್ 86, ಸಾಮಾನ್ಯವಾಗಿ 20ರ ಆಸುಪಾಸು. ಅಲ್ಬುಮಿನ್ ಅನ್ನುವ ರಕ್ತದ ಪ್ರೋಟೀನ್ 2.9, ಇರಬೇಕಾದದ್ದು 3.5ರ ಮೇಲೆ. ಮೆಡಿಕಲ್ ಶಾಪಿನಲ್ಲಿ ಒಬ್ಬರು ಅಲ್ಬುಮಿನ್ ಸಾಲು ನೋಡಿ "ಪ್ರೋಟೀನ್ ಕಮ್ಮಿ ಐತೆ, ಪೌಡರ್ ತಗೊಳ್ಳಿ" ಅಂದಿದ್ದರು. ಆಹಾರ ತಜ್ಞೆ ಡಬ್ಬಿ ಕೊಳ್ಳಬೇಡಿ ಅಂದರು. ಅಲ್ಬುಮಿನ್ ತಯಾರಾಗುವುದು ಲಿವರ್‌ನಲ್ಲಿ. ದೇಹದೊಳಗೆ ಎಲ್ಲೋ ಸೋಂಕೋ ಉರಿಯೂತವೋ ನಡೆಯುತ್ತಿದ್ದರೆ ಲಿವರ್ ಅದರ ವಿರುದ್ಧ ಹೋರಾಡುವ ಬೇರೆ ಪ್ರೋಟೀನ್ ಮಾಡುವ ಕಡೆ ತಿರುಗುತ್ತದೆ, ಅಲ್ಬುಮಿನ್ ಇಳಿಯುತ್ತದೆ. ಮೊಟ್ಟೆ ತಿಂದರೂ, ಪೌಡರ್ ಕುಡಿದರೂ ಆ ಅಂಕಿ ಏರುವುದಿಲ್ಲ, ಕಾರಣ ಹೋದಾಗ ಏರುತ್ತದೆ. ಇಎಸ್‌ಆರ್ ಏರಿರುವುದೂ ಅದೇ ಕಡೆ ಕೈ ತೋರಿಸುತ್ತಿತ್ತು. ಲಿವರ್, ಕಿಡ್ನಿ ಪರೀಕ್ಷೆಗಳು ಸರಿ ಇದ್ದವು, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿರಲಿಲ್ಲ. ಇಷ್ಟು ಖಚಿತವಾದ ಮೇಲೆ ಪತ್ರ ಬರೆದರು. ಇಂಗ್ಲಿಷ್‌ನಲ್ಲಿದ್ದದ್ದನ್ನು ನಮ್ಮ ಮಾತಿನಲ್ಲಿ ಇಡುತ್ತೇನೆ:

"ವೈದ್ಯರಿಗೆ: ಕಾರಣ ತಿಳಿಯದ ತೂಕ ಇಳಿಕೆ. ಮೂರು ದಿನದೊಳಗೆ ನೋಡಬೇಕೆಂದು ಕೋರಿಕೆ.

56 ವರ್ಷದ ಪುರುಷ. ಶುಗರ್‌ಗೆ ಆಹಾರ ಸಲಹೆಗಾಗಿ ಬಂದಿದ್ದಾರೆ. ಐದು ತಿಂಗಳಲ್ಲಿ 62ರಿಂದ 54 ಕೆ.ಜಿ.ಗೆ ಇಳಿದಿದ್ದಾರೆ, ಶೇ 13. ಇಳಿಕೆ ಶುಗರ್ ಮಾತ್ರೆಗೂ ಮೊದಲೇ ಶುರುವಾಗಿದೆ.

ಮನೆಯವರನ್ನೂ ಕೇಳಿ ಖಚಿತಪಡಿಸಿದಂತೆ ಆಹಾರ ಹೆಚ್ಚು ಕಡಿಮೆ ಮೊದಲಿನಷ್ಟೇ ಇದೆ. ಸೇವಿಸುವ ಆಹಾರದಿಂದ ಈ ಇಳಿಕೆಯನ್ನು ವಿವರಿಸಲು ಆಗುವುದಿಲ್ಲ. ಮೂತ್ರದಲ್ಲಿ ಸಕ್ಕರೆ ಇಲ್ಲ.

ಹಿಮೋಗ್ಲೋಬಿನ್ 10.1, ಇಎಸ್‌ಆರ್ 86, ಅಲ್ಬುಮಿನ್ 2.9. ಲಿವರ್, ಕಿಡ್ನಿ ಪರೀಕ್ಷೆ ಸರಿ ಇವೆ. ಥೈರಾಯಿಡ್ ಪರೀಕ್ಷೆ, ಎದೆಯ ಎಕ್ಸ್‌ರೇ ಆಗಿಲ್ಲ. ಕೇಳಿದಾಗ ಸಂಜೆ ಮೈ ಬಿಸಿ, ರಾತ್ರಿ ಬೆವರು ಮೂರು ವಾರದಿಂದ ಇದೆ ಎಂದರು. ಬೀಡಿ ಸೇದುತ್ತಾರೆ, ಹಳೆಯ ಕೆಮ್ಮಿದೆ.

ಕಾರಣ ಪತ್ತೆ ಮಾಡಲು ತಾವು ಪರೀಕ್ಷಿಸಬೇಕೆಂದು ಕೋರುತ್ತೇನೆ. ಅಲ್ಲಿಯವರೆಗೆ ಆಹಾರದಲ್ಲಿ ಕಡಿತ ಮಾಡಿಲ್ಲ. ಎರಡು ವಾರದ ನಂತರ ಮತ್ತೆ ತೂಕ ನೋಡುತ್ತೇನೆ. ತಮ್ಮ ಅಭಿಪ್ರಾಯ ತಿಳಿಸಿದರೆ ಅದರಂತೆ ಆಹಾರ ಯೋಜಿಸುತ್ತೇನೆ."

ಪತ್ರದಲ್ಲಿ ಯಾವ ಕಾಯಿಲೆಯ ಹೆಸರೂ ಇಲ್ಲ, ಗಮನಿಸಿ. ರೋಗ ಇಂಥದ್ದು ಅಂತ ಹೇಳುವುದು ಆಹಾರ ತಜ್ಞರ ಕೆಲಸವಲ್ಲ. ಆದರೆ ಊಟದಿಂದ ಹೀಗಾಗಿಲ್ಲ ಅಂತ ಲೆಕ್ಕ ಸಮೇತ ಅವರು ಹೇಳಬಲ್ಲರು. ಹೊರರೋಗಿ ವಿಭಾಗದ ಗದ್ದಲದಲ್ಲಿ ಒಬ್ಬೊಬ್ಬರಿಗೆ ಐದು ನಿಮಿಷ ಸಿಗುವ ಡಾಕ್ಟರಿಗೆ ಹಿಟ್ಟಿನ ಡಬ್ಬಿಯ ಲೆಕ್ಕ ತೆಗೆಯುವಷ್ಟು ಪುರುಸೊತ್ತು ಇರುವುದಿಲ್ಲ. ಆ ಒಂದು ಸಾಲಿಗೋಸ್ಕರ ಆಕೆ ನಮ್ಮ ಜೊತೆ ಮುಕ್ಕಾಲು ಗಂಟೆ ಕೂತಿದ್ದರು. ವರದಿ ಬರೆಯುವ ನನಗೆ ಇನ್ನೂ ಒಂದು ಹಿಡಿಸಿತು: ಕಂಡಿದ್ದು ಯಾವುದು, ಕೇಳಿದ್ದು ಯಾವುದು, ಆಗದೇ ಉಳಿದ ಪರೀಕ್ಷೆ ಯಾವುದು, ಎಲ್ಲಾ ಬೇರೆ ಬೇರೆಯಾಗಿತ್ತು.

ದೊಡ್ಡಪ್ಪ ಒಪ್ಪಲಿಲ್ಲ. "ಏನು ತಿನ್ಬೇಕು ಅಂತ ಬರ್ಕೊಡಮ್ಮ ಅಂದ್ರೆ ಮತ್ತೆ ಡಾಕ್ಟರ್ ಹತ್ರ ಕಳಿಸ್ತೀಯಲ್ಲ. ಬಿತ್ತನೆ ಹೊತ್ತು, ಮಳೆ ಬಂದ್ರೆ ಬೀಜ ಹಾಕ್ಬೇಕು" ಅಂದ. ಆಕೆ ನಿಧಾನವಾಗಿ ಹೇಳಿದರು: "ಯಜಮಾನ್ರೇ, ಕಾರಣ ಗೊತ್ತಾಗದೆ ನಾನು ಊಟ ಬರೆದ್ರೆ, ತಳ ತೂತಾದ ಕೊಡಕ್ಕೆ ನೀರು ಹೊಯ್ದಂಗೆ ಆಗುತ್ತೆ." ಮಾರನೇ ದಿನವೇ ಡಾಕ್ಟರನ್ನು ಕಂಡೆವು.

ಡಾಕ್ಟರು ಪತ್ರ ಪೂರ್ತಿ ಓದಿ, ಎಕ್ಸ್‌ರೇ, ಕಫ, ಥೈರಾಯಿಡ್ ಬರೆದರು. ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ಕಲೆ ಕಂಡಿತು. ಕಫವನ್ನು ಟ್ರೂನಾಟ್ ಯಂತ್ರದಲ್ಲಿ ಪರೀಕ್ಷೆ ಮಾಡಿದಾಗ ಕ್ಷಯ, ಅಂದರೆ ಟಿಬಿ, ಖಚಿತವಾಯಿತು. ಬೀಡಿ ಕೆಮ್ಮು ಅಂದುಕೊಂಡಿದ್ದು ಅದೇ. ಶುಗರ್ ಇರುವವರಿಗೆ ಟಿಬಿ ಬರುವ ಸಾಧ್ಯತೆ ಬೇರೆಯವರಿಗಿಂತ ಹೆಚ್ಚು. ಅದಕ್ಕೇ ಶುಗರ್ ಇದ್ದವರಲ್ಲಿ ಟಿಬಿಯನ್ನೂ, ಟಿಬಿ ಇದ್ದವರಲ್ಲಿ ಶುಗರನ್ನೂ ನೋಡಬೇಕು ಅನ್ನುವುದು ಸರ್ಕಾರದ ಕಾರ್ಯಕ್ರಮದಲ್ಲೇ ಇದೆ.

ಮಾತ್ರೆ ಆರು ತಿಂಗಳು, ಪುಕ್ಕಟೆ. ದಿನಕ್ಕೆ ಎಷ್ಟು ಅನ್ನುವುದು ತೂಕದ ಮೇಲೆ: 50ರಿಂದ 64 ಕೆ.ಜಿ.ಯವರಿಗೆ ನಾಲ್ಕು, 50ಕ್ಕಿಂತ ಇಳಿದಿದ್ದರೆ ಮೂರು. ಮನೆಯವರೆಲ್ಲರ ತಪಾಸಣೆ ಆಯಿತು. ಚಿಕಿತ್ಸೆ ಇರುವಷ್ಟು ದಿನ ಊಟಕ್ಕೆ ಅಂತ ನಿ-ಕ್ಷಯ್ ಪೋಷಣ್ ಯೋಜನೆಯಲ್ಲಿ ತಿಂಗಳಿಗೆ 1,000 ರೂಪಾಯಿ ಬ್ಯಾಂಕ್ ಖಾತೆಗೆ ಬರುತ್ತದೆ. ಮೊದಲು 500 ಇತ್ತು, 2024ರ ನವೆಂಬರ್‌ನಿಂದ ಹೆಚ್ಚಿಸಿದ್ದಾರೆ.

ಆಮೇಲೆ ಆಹಾರ ತಜ್ಞೆಯ ಕೆಲಸ ಶುರುವಾಯಿತು. ಮುದ್ದೆ ಕಡಿಮೆ ಮಾಡಲಿಲ್ಲ. ಅದರ ಜೊತೆಗೆ ದಿನಾ ಎರಡು ಮೊಟ್ಟೆ, ಒಂದು ಹಿಡಿ ಹುರಿದ ಶೇಂಗಾ, ಕಾಳಿನ ಸಾರು, ಹಾಲು ಸೇರಿಸಿದರು. ಟೀಗೆ ಸಕ್ಕರೆ ಮಾತ್ರ ಬಿಡಿಸಿದರು. ಎರಡು ತಿಂಗಳಿಗೆ ತೂಕ 57ಕ್ಕೆ ಬಂತು. ಇದು ಬರೀ ಸಮಾಧಾನದ ಅಂಕಿ ಅಲ್ಲ. ಚಿಕಿತ್ಸೆಯ ಮೊದಲ ಎರಡು ತಿಂಗಳಲ್ಲಿ ತೂಕ ಏರಿದ ಟಿಬಿ ರೋಗಿಗಳಲ್ಲಿ ಸಾವಿನ ಅಪಾಯ ಬಹಳ ಕಡಿಮೆ ಇತ್ತು ಅಂತ ಜಾರ್ಖಂಡ್‌ನಲ್ಲಿ ನಡೆದು 2023ರಲ್ಲಿ ಪ್ರಕಟವಾದ 'ರೇಷನ್ಸ್' ಅಧ್ಯಯನ ಹೇಳಿದೆ.

ತೂಕ ಇಳಿದವರಿಗೆಲ್ಲ ಟಿಬಿ ಅಂತ ಯಾರೂ ತಿಳಿಯಬೇಡಿ. ಇಂಥದೇ ಪತ್ರ ಇನ್ನೊಬ್ಬರಲ್ಲಿ ಥೈರಾಯಿಡ್‌ಗೋ, ಕರುಳಿನ ಕಾಯಿಲೆಗೋ, ಗಡ್ಡೆಗೋ, ಮನಸ್ಸಿನ ಖಿನ್ನತೆಗೋ ಕರೆದೊಯ್ಯಬಹುದು. ಕೆಲವರಲ್ಲಿ ಎಲ್ಲಾ ಪರೀಕ್ಷೆ ಮಾಡಿದರೂ ಕಾರಣ ಸಿಗುವುದಿಲ್ಲ, ಆಗ ಮೂರರಿಂದ ಆರು ತಿಂಗಳು ಬಿಟ್ಟು ಮತ್ತೆ ನೋಡುತ್ತಾರೆ. ಇಎಸ್‌ಆರ್ ಕೂಡ ಹತ್ತಾರು ಕಾರಣಕ್ಕೆ ಏರುತ್ತದೆ, ಅದೊಂದನ್ನೇ ಹಿಡಿದು ಯಾವ ರೋಗ ಅಂತ ಹೇಳಲು ಬರುವುದಿಲ್ಲ.

ನಮ್ಮ ಹಳ್ಳಿಗಳಲ್ಲಿ ಆಹಾರ ತಜ್ಞರು ಸಿಗುವುದಿಲ್ಲ, ನಿಜ. ಆದರೆ ಆ ಪತ್ರಕ್ಕೆ ಬೇಕಾದ ಅರ್ಧ ವಿಷಯ ಮನೆಯಲ್ಲೇ ಇರುತ್ತದೆ. ಎಲ್ಲಿ ತೂಕ ನೋಡಿದರೂ ತಾರೀಖು ಹಾಕಿ ಬರೆದಿಡಿ. 60 ಕೆ.ಜಿ. ಇದ್ದವರು ಆರು ತಿಂಗಳಲ್ಲಿ 3 ಕೆ.ಜಿ. ಇಳಿದರೆ ಆ ಚೀಟಿ, ಹಳೇ ಲ್ಯಾಬ್ ರಿಪೋರ್ಟು, ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಪಟ್ಟಿ ಹಿಡಿದು ಹೋಗಿ. ಜೊತೆಗೆ ಮನೆಯಲ್ಲಿ ಅಡುಗೆ ಮಾಡುವವರನ್ನೂ ಕರೆದುಕೊಂಡು ಹೋಗಿ. ಊಟ ಮೊದಲಿನಷ್ಟೇ ಇದೆಯೋ, ಕಮ್ಮಿಯಾಗಿದೆಯೋ ಅಂತ ಡಾಕ್ಟರ್ ಕೇಳಿದಾಗ ಸರಿಯಾದ ಉತ್ತರ ಸಿಗುವುದು ಅವರಿಂದಲೇ.