ಹಕಾರದ ಹಮ್ಮು

ದಕ್ಷಿಣ ಕರ್ನಾಟಕದ ಎಷ್ಟೋ ಹಳ್ಳಿಗಳ ಆಡುಮಾತಿನಲ್ಲಿ ಪದದ ಮೊದಲಿಗೆ ಬರುವ ಹಕಾರ ಬಿದ್ದುಹೋಗಿದೆ. ಹಾಲು ‘ಆಲು’ ಆಗಿದೆ, ಹಸು ‘ಅಸು’ ಆಗಿದೆ. ಊರಿಗೆ ಊರೇ ಹಾಗೆ ಆಡುವಾಗ ಅದರತ್ತ ಯಾರ ಗಮನವೂ ಹೋಗುವುದಿಲ್ಲ. ಅದೇ ‘ಆಲು’ ಪಟ್ಟಣದ ಕಚೇರಿಯಲ್ಲಿ ಕೇಳಿಸಿತೆನ್ನಿ, ಆಡಿದವರ ಊರು, ಓದು, ಕೆಲವೊಮ್ಮೆ ಜಾತಿಯನ್ನೂ ಎದುರಿಗಿದ್ದವರು ಮನಸ್ಸಿನಲ್ಲೇ ಲೆಕ್ಕ ಹಾಕಿಬಿಡುತ್ತಾರೆ. ಉಚ್ಚಾರಣೆ ಹೀಗೆ ಆಡಿದವರ ಕಡೆಗೆ ಬೆರಳು ತೋರುವುದಕ್ಕೆ ಸೂಚಕತೆ ಎನ್ನಬಹುದು. ಇಂಥ ಮಾತು ಇಂಥವರದ್ದು ಎಂಬುದು ಎಲ್ಲರೂ ಬಲ್ಲ ಸಂಗತಿಯಾಗಿ ನೆಲೆಯೂರುವುದನ್ನು ಮಾನವಶಾಸ್ತ್ರಜ್ಞ ಆಸಿಫ್ ಅಘಾ ‘ಎನ್‌ರೆಜಿಸ್ಟರ್‌ಮೆಂಟ್’ ಎಂದು ಕರೆದು ವಿವರಿಸಿದ್ದಾರೆ. ಹೆಸರು ಭಾರವಾದರೂ ಕೆಲಸ ಸಲೀಸು: ಸಿನಿಮಾದಲ್ಲಿ ಪಾತ್ರ ‘ಅಳ್ಳಿ’ ಎಂದರೆ ಸಾಕು, ಪ್ರೇಕ್ಷಕರಿಗೆ ಬೇರೆ ಪರಿಚಯ ಬೇಕಿಲ್ಲ.

ಈ ನಂಟು ಹೇಗೆ ಬೆಳೆಯುತ್ತದೆ ಎಂದು ನೋಡಲು ಲಂಡನ್ನಿನ ಹಕಾರ ಇನ್ನೂ ಒಳ್ಳೆಯ ಉದಾಹರಣೆ. ಅಲ್ಲಿಯ ಜನಸಾಮಾನ್ಯರೂ ‘ಹೌಸ್’ ಎನ್ನುವಲ್ಲಿ ‘ಔಸ್’ ಎನ್ನುತ್ತಿದ್ದರು. 1762ರಲ್ಲಿ ಥಾಮಸ್ ಶೆರಿಡನ್ ತಮ್ಮ ಭಾಷಣ ಕಲೆಯ ಉಪನ್ಯಾಸಗಳಲ್ಲಿ ಇದನ್ನು ದೋಷವೆಂದರು. 1791ರಲ್ಲಿ ಉಚ್ಚಾರಣಾ ನಿಘಂಟು ತಂದ ಜಾನ್ ವಾಕರ್ ಲಂಡನ್ನಿನವರ ತಪ್ಪುಗಳ ಪಟ್ಟಿಗೇ ಸೇರಿಸಿದರು. 1854ರ ಹೊತ್ತಿಗೆ ಹಕಾರವೇ ತನ್ನ ಗೋಳು ತೋಡಿಕೊಳ್ಳುವ ಕಿರುಪುಸ್ತಕವೂ ಬಂತು. ಹೊಸದಾಗಿ ಕಾಸು ಕಂಡವರಿಗೆ ಬಟ್ಟೆ ಹೊಲಿಸುವುದು ಸುಲಭ, ನಾಲಿಗೆ ತಿದ್ದುವುದು ಕಷ್ಟ; ಇಂಥ ಪುಸ್ತಕಗಳು ನೆಚ್ಚಿಕೊಂಡದ್ದು ಆ ಅಳುಕನ್ನು.

ತಮಾಷೆಯೆಂದರೆ, ವಾಕರ್ ಅವರ ನಿಘಂಟಿನ ಪ್ರಕಾರವೇ ‘ಹಂಬಲ್’, ‘ಹಾಸ್ಪಿಟಲ್’ ಎಂಬ ಪದಗಳಲ್ಲಿ ಹಕಾರ ನುಡಿಯಬಾರದಿತ್ತು. ಅಂದರೆ ‘ಅಂಬಲ್’ ಎನ್ನುವುದೇ ಆಗ ಸಭ್ಯರ ಉಚ್ಚಾರಣೆ. ಅರವತ್ತು ವರ್ಷ ಕಳೆಯುವಷ್ಟರಲ್ಲಿ ಡಿಕನ್ಸ್ ‘ಡೇವಿಡ್ ಕಾಪರ್‌ಫೀಲ್ಡ್’ ಕಾದಂಬರಿಯ ನಯವಂಚಕ ಯುರಾಯಾ ಹೀಪ್‌ನ ಬಾಯಲ್ಲಿ ಅದೇ ‘ಅಂಬಲ್’ ಅನ್ನು ಮತ್ತೆ ಮತ್ತೆ ಹಾಕಿದರು. ಓದುಗರಿಗೆ ಅದು ಕೆಳದರ್ಜೆಯ, ಜಿಡ್ಡುಜಿಡ್ಡಾದ ಮಾತಾಗಿ ಕೇಳಿಸಿತು. ಉಚ್ಚಾರಣೆ ಬದಲಾಗಿರಲಿಲ್ಲ, ಅದಕ್ಕೆ ಅಂಟಿದ ಮನುಷ್ಯ ಬದಲಾಗಿದ್ದ.

ನಗೆಪಾಟಲಿಗೆ ಹೆದರಿದವರು ಬೇಡದ ಕಡೆಯೂ ಹಕಾರ ಸೇರಿಸುತ್ತಾರೆ. ಅದನ್ನೂ ವಾಕರ್ ಗುರುತಿಸಿದ್ದರು. ಕನ್ನಡದಲ್ಲಿ ‘ಆದರದ ಸ್ವಾಗತ’ಕ್ಕೆ ಹಕಾರ ಹತ್ತಿದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ವೇದಿಕೆಯ ಮೇಲಿನ ಈ ಎಡವಟ್ಟನ್ನು ಆಡಿಕೊಂಡು ನಗುವವರು ಒಂದನ್ನು ಮರೆಯುತ್ತಾರೆ: ನಗುವವರ ಭಯವಿಲ್ಲದಿದ್ದರೆ ಆ ಹಕಾರ ಅಲ್ಲಿಗೆ ಬರುತ್ತಲೇ ಇರಲಿಲ್ಲ. ಅವರ ಶುದ್ಧ ‘ಹಾಲು’ ಕೂಡ ಹಳಗನ್ನಡದಲ್ಲಿ ‘ಪಾಲ್’ ಆಗಿತ್ತು. ಅಂದಿನವರ ಕಿವಿಗೆ ಈ ಹಕಾರವೇ ಹೊಸದು.

ಹಕಾರ ಬಿಡುವುದರಲ್ಲೇ ಕೀಳುತನವಿದ್ದಿದ್ದರೆ ಎಲ್ಲೆಡೆಯೂ ಅದಕ್ಕೆ ಒಂದೇ ಬೆಲೆ ಸಿಗಬೇಕಿತ್ತು. ಇಂಗ್ಲಿಷಿನಲ್ಲಿ ‘ಅವರ್’, ‘ಆನೆಸ್ಟ್’ ಎಂದು ಹಕಾರ ನುಂಗದವರೇ ಇಲ್ಲ. ಸೊಪ್ಪುಸದೆಗಳ ‘ಹರ್ಬ್’ ಅನ್ನು ಅಮೆರಿಕದ ಪ್ರೊಫೆಸರುಗಳೂ ಇವತ್ತಿಗೂ ‘ಅರ್ಬ್’ ಎನ್ನುತ್ತಾರೆ. ಅವರನ್ನು ಯಾರೂ ಹಳ್ಳಿಗುಗ್ಗು ಎಂದಿಲ್ಲ.