ಬಸ್ಸು ತಡವಾಗುವ ತಾಣ

ಆಳಂದದ ನಮ್ಮ ಮನೆಯಲ್ಲಿ ಬೆಳಗಿನ ಐದು ಗಂಟೆಗೇ ಒಲೆ ಹೊತ್ತುತ್ತದೆ. ನಮ್ಮ ಸೊಸೆಯು ಜೇವರ್ಗಿಯಿಂದಾಚೆಯ ಒಂದು ಹಳ್ಳಿಯ ಶಾಲೆಯಲ್ಲಿ ಉಪಾಧ್ಯಾಯಿನಿ. ಆರೂವರೆಯ ಬಸ್ಸನ್ನು ಹಿಡಿದು ಆಕೆ ಕಲಬುರಗಿಗೆ ಹೋಗಬೇಕು. ಅಲ್ಲಿ ಇಳಿದು ಎಂಟು ಗಂಟೆಯ ಜೇವರ್ಗಿ ಬಸ್ಸನ್ನೇರಬೇಕು. ಹಲಗೆಯ ಮೇಲೆ ಬರೆದಿರುವ ಪ್ರಕಾರ ಆಳಂದದ ಬಸ್ಸು ಏಳೂ ಮುಕ್ಕಾಲಿಗೆ ಕಲಬುರಗಿ ಸೇರತಕ್ಕದ್ದು. ನಡುವೆ ಕಾಲು ಗಂಟೆಯ ಬಿಡುವು. ಒಂದು ಲೋಟ ಚಹಾಕ್ಕೂ ಸಾಕು. ಆದರೆ ಸಂಜೆ ಮನೆಗೆ ಬಂದು, “ಮಾವಾರೀ, ಇವತ್ತೂ ಬಸ್ಸು ತಪ್ಪಿತು ನೋಡ್ರಿ” ಎಂದು ಆಕೆ ಹೇಳದ ವಾರವೇ ಇರಲಿಲ್ಲ. ಎಂಟರ ಬಸ್ಸು ತಪ್ಪಿದರೆ ಮುಂದಿನದು ಎಂಟೂವರೆಗೆ. ಶಾಲೆಯ ಹಾಜರಿ ಪುಸ್ತಕದಲ್ಲಿ ಕೆಂಪು ಶಾಯಿ. ಮುಖ್ಯೋಪಾಧ್ಯಾಯರು ಸಜ್ಜನರಾದರೂ, ಮೂರನೆಯ ಸಲ ಕೆಂಪು ಗುರುತು ಬಿದ್ದಾಗ ಲಿಖಿತ ಸಮಜಾಯಿಷಿ ಕೇಳಿದರು.

ಕಾರಣ ಯಾರದೆಂಬುದರಲ್ಲಿ ಓಣಿಯವರಾರಿಗೂ ಸಂದೇಹವಿರಲಿಲ್ಲ. 2023ರ ಜೂನ್ ತಿಂಗಳಿನಿಂದ ಶಕ್ತಿ ಯೋಜನೆಯ ಮೇರೆಗೆ ಹೆಂಗಸರಿಗೆ ಟಿಕೀಟಿನ ಹಣವಿಲ್ಲವಷ್ಟೆ. ಕಡಗಂಚಿಯಲ್ಲಿ ವಿಶ್ವವಿದ್ಯಾಲಯ ಬೇರೆ ಉಂಟು. “ಹೆಂಗಸರು, ಹುಡುಗರು ಹತ್ತಿ ಇಳಿಯುವದರಲ್ಲೇ ಹೊತ್ತು ಹೋಗುತ್ತದೆ” ಎಂದು ಎಲ್ಲರೂ ತೀರ್ಮಾನಿಸಿದ್ದರು. ನಾವೂ ತಲೆದೂಗಿದವರೇ. ಆದರೆ ಸೊಸೆಯು ಮಾತ್ರ, ತಾನೂ ಹೆಂಗಸೇ ಆದುದರಿಂದಲೋ ಏನೋ, ಇದನ್ನು ಒಪ್ಪಲಿಲ್ಲ. “ಬರೆದಿಟ್ಟು ನೋಡೋಣ್ರೀ” ಎಂದಳು. ಹೀಗೆ ಒಂದು ಎರಡುಗೆರೆ ಪುಸ್ತಕದಲ್ಲಿ ಇಪ್ಪತ್ತು ಶಾಲಾದಿನಗಳ ಲೆಕ್ಕ ಆರಂಭವಾಯಿತು. ವೇಳೆ ಬರೆಯುವುದು ಆಕೆಯ ಕೆಲಸ. ಗೆರೆ ಹಾಕಿ ಕಳೆಯುವುದು, ನಿವೃತ್ತರಾದ ನಮ್ಮ ಕೆಲಸ.

ಮೊದಲನೆಯ ತೊಡಕು ಮೊದಲನೆಯ ದಿನವೇ ಬಂದಿತು. ಹಲಗೆಯ ಮೇಲೆ ಹೊರಡುವ ವೇಳೆ, ಸೇರುವ ವೇಳೆ ಎರಡೇ ಇದ್ದುವು. ನಡುವಣ ಊರುಗಳಿಗೆ ವೇಳೆಯಿಲ್ಲ. ಮೈಲಿಗಳನ್ನು ನಿಮಿಷಗಳಿಗೆ ಸಮನಾಗಿ ಹಂಚಿದರೆ ತಪ್ಪಾಗುವುದು. ಬಯಲಿನ ಮೈಲಿಯೂ ಪೇಟೆಯ ಮೈಲಿಯೂ ಒಂದೇ ಅಲ್ಲ. ಆದುದರಿಂದ ಬಸ್ಸು ಅಡೆತಡೆಯಿಲ್ಲದೆ ಓಡಿದ ಕೆಲವು ದಿನಗಳನ್ನು ನೋಡಿ, ಕಡಗಂಚಿಗೆ 6-55, ನಗರದ ಬಾಗಿಲಿನಂತಿರುವ ಆಳಂದ ಚೆಕ್‌ಪೋಸ್ಟಿಗೆ 7-35 ಎಂದು ಇಟ್ಟುಕೊಂಡೆವು. ಅಲ್ಲಿಂದ ನಿಲ್ದಾಣಕ್ಕೆ ಉಳಿಯುವುದು ಹತ್ತೇ ನಿಮಿಷ. ಎರಡನೆಯ ತೊಡಕು ಗಡಿಯಾರದ್ದು. ನಿಲ್ದಾಣದ ಗೋಡೆಯ ಗಡಿಯಾರ, ಆಕೆಯ ಕೈಗಡಿಯಾರ, ಮೊಬೈಲು, ಮೂರೂ ಮೂರು ಹೇಳುವುವು. ಮೊಬೈಲೊಂದನ್ನೇ ನಂಬಬೇಕೆಂದು ಗೊತ್ತುಮಾಡಿದೆವು. ಕಂಡಕ್ಟರರ ಯಂತ್ರದ ಟಿಕೀಟಿನ ಮೇಲೂ ವೇಳೆ ಮುದ್ರಿತವಾಗಿರುತ್ತದೆ, ಹಣವಿಲ್ಲದ ಟಿಕೀಟಿನ ಮೇಲೆ ಸಹ. ಆದರೆ ಅದು ಟಿಕೀಟು ಹರಿದ ವೇಳೆ. ಗುಂಪಿದ್ದರೆ ಬಸ್ಸು ನಿಲ್ದಾಣ ಬಿಟ್ಟು ಎಷ್ಟೋ ದೂರ ಹೋದ ಮೇಲಿನದು. ಆದುದರಿಂದ ಅದನ್ನು ಸಾಕ್ಷಿಗೆ ಇಟ್ಟುಕೊಂಡೆವೇ ಹೊರತು ಲೆಕ್ಕಕ್ಕಲ್ಲ.

ಒಂದು ಮಂಗಳವಾರದ ಪುಟವನ್ನು ವಾಚಕರ ಮುಂದಿಡುತ್ತೇವೆ. ಬಸ್ಸು ಆಳಂದ ಬಿಟ್ಟದ್ದು 6-34ಕ್ಕೆ, ಕಡಗಂಚಿ 7-01, ಚೆಕ್‌ಪೋಸ್ಟು 7-41, ನಿಲ್ದಾಣ ಸರಿಯಾಗಿ ಎಂಟು. ಗೊತ್ತಾದ ವೇಳೆಯಿಂದ ಕಳೆದರೆ ತಡವು ಕ್ರಮವಾಗಿ 4, 6, 6, 15 ನಿಮಿಷ. ಇದನ್ನು ಕಂಡಕೂಡಲೆ ನಾವು, “ನೋಡಮ್ಮಾ, ಕಡಗಂಚಿಯಲ್ಲಿ ಆರು ನಿಮಿಷ ಹೋಯಿತಲ್ಲ” ಎಂದೆವು. ಆಕೆ ನಕ್ಕಳು. ಆರರಲ್ಲಿ ನಾಲ್ಕು ಆಳಂದದಿಂದಲೇ ಹೊತ್ತು ತಂದದ್ದು. ಕಡಗಂಚಿಯವರೆಗೆ ಹೊಸದಾಗಿ ಕೂಡಿದ್ದು ಎರಡೇ. ಬಸ್ಸು ಒಂದು ಊರಿಗೆ ಎಷ್ಟು ತಡವಾಗಿ ಬಂದಿತೆಂಬುದು ಬೇರೆ, ಆ ಊರಿನ ಹಾದಿಯಲ್ಲಿ ಎಷ್ಟು ಕಳೆದುಕೊಂಡಿತೆಂಬುದು ಬೇರೆ. ಆದುದರಿಂದ ಪ್ರತಿ ನಿಲುಗಡೆಯ ತಡದಿಂದ ಹಿಂದಿನ ನಿಲುಗಡೆಯ ತಡವನ್ನು ಕಳೆಯಬೇಕು. ಹಾಗೆ ಕಳೆದಾಗ ಉಳಿದವು 4, 2, 0, 9. ಚೆಕ್‌ಪೋಸ್ಟಿನಿಂದ ನಿಲ್ದಾಣದವರೆಗಿನ ಕೊನೆಯ ತುಂಡೇ ಒಂಬತ್ತು ನಿಮಿಷಗಳನ್ನು ನುಂಗಿತ್ತು.

ಒಂದು ದಿನದ ಸಾಕ್ಷ್ಯವನ್ನು ನಂಬಬಾರದೆಂಬುದಕ್ಕೆ ನಮ್ಮ ಅನುಭವವೇ ಉಂಟು. ಅಫಜಲಪುರದಲ್ಲಿ ನಮ್ಮ ತಮ್ಮನಿದ್ದಾನೆ. ಆ ಹಾದಿಯಲ್ಲಿ ನಾವು ಎಂಟು ಸಲ ಹೋದಾಗ ಬರೆದುಕೊಂಡ ತಡಗಳು 3, 4, 4, 5, 5, 5, 6 ಮತ್ತು 40. ಕೊನೆಯದು ಹುಣ್ಣಿಮೆಯ ದಿನ. ಚೌಡಾಪುರದಲ್ಲಿ ದೇವಲ ಗಾಣಗಾಪುರದ ದಾರಿ ಒಡೆಯುತ್ತದೆ. ದತ್ತನ ದರ್ಶನಕ್ಕೆ ಬಂದ ಜನವೆಲ್ಲ ಅಲ್ಲಿ ರಸ್ತೆಯ ಮೇಲೆಯೇ. ಎಂಟನ್ನೂ ಕೂಡಿಸಿ ಭಾಗಿಸಿದರೆ ಸರಾಸರಿ ಒಂಬತ್ತು ನಿಮಿಷವಾಗುತ್ತದೆ. ಆದರೆ ಒಂಬತ್ತು ನಿಮಿಷ ತಡವಾದ ದಿನ ಒಂದೂ ಇಲ್ಲ! ಅಂಕಿಗಳನ್ನು ಏರಿಕೆಯ ಕ್ರಮದಲ್ಲಿಟ್ಟು ನಡುವಿನದನ್ನು ಹಿಡಿದರೆ ಐದು ಬರುತ್ತದೆ. ಅದೇ ಆ ಹಾದಿಯ ನಿಜವಾದ ಮಾತು. ಹುಣ್ಣಿಮೆಯ ನಲವತ್ತು ತಿಂಗಳಿಗೊಮ್ಮೆ ಬರುವ ತಲೆನೋವು. ಅದಕ್ಕೆ ಬೇರೆ ಬಸ್ಸು ಬಿಡುವುದು ಔಷಧ, ವೇಳಾಪಟ್ಟಿ ತಿದ್ದುವುದಲ್ಲ.

ಇಪ್ಪತ್ತು ದಿನ ತುಂಬಿತು. ನಮ್ಮ ಪಟ್ಟಿಯಲ್ಲಿ ನಗರದೊಳಗಿನ ಕೊನೆಯ ತುಂಡು ಹದಿನೇಳು ದಿನಗಳಲ್ಲಿ ಏಳರಿಂದ ಹನ್ನೊಂದು ನಿಮಿಷ ತಿಂದಿತ್ತು. ಉಳಿದ ಮೂರು ದಿನ ಐದಾರು. ಎಂದರೆ ಹತ್ತು ನಿಮಿಷಗಳಲ್ಲಿ ಆ ತುಂಡನ್ನು ಬಸ್ಸು ಒಂದು ದಿನವೂ ದಾಟಿರಲಿಲ್ಲ. ದಿನ ಬೆಳಗಾದರೆ ಅದೇ ಜಾಗದಲ್ಲಿ ಅಷ್ಟೇ ಹೊತ್ತು ಹೋಗುವುದಾದರೆ ಅದು ಆಕಸ್ಮಿಕವಲ್ಲ, ಚಾಲಕನ ಆಲಸ್ಯವೂ ಅಲ್ಲ. ವೇಳೆಯನ್ನು ಗೊತ್ತುಮಾಡಿದ ಕಾಗದವೇ ಹಳೆಯದು. ಆಟೋಗಳು, ಶಾಲೆಯ ವಾಹನಗಳು, ತರಕಾರಿಯ ಬಂಡಿಗಳು ಇಷ್ಟು ಹೆಚ್ಚುವ ಮುನ್ನ ಯಾರೋ ಬರೆದ ಹತ್ತು ನಿಮಿಷ ಅದಾಗಿರಬೇಕು. ಕಡಗಂಚಿಯ ಗುಂಪು ತೆಗೆದುಕೊಂಡ ಒಂದೆರಡು ನಿಮಿಷಗಳನ್ನು ಚಾಲಕನು ಅನೇಕ ದಿನ ಮುಂದಿನ ಬಯಲಿನಲ್ಲಿ ಮರಳಿ ಗಳಿಸಿದ್ದನು. ಹೆಂಗಸರ ಮೇಲಿನ ಅಪವಾದ ಹೀಗೆ ಬಿದ್ದುಹೋಯಿತು. ನಮ್ಮ ಓಣಿಯವರಿಗೆ ಇದರಿಂದ ಸಂತೋಷವಾದಂತೆ ಕಾಣಲಿಲ್ಲ.

ಇನ್ನೊಂದು ಮಾತು. ಇಪ್ಪತ್ತರಲ್ಲಿ ಹನ್ನೊಂದು ದಿನ ಜೇವರ್ಗಿಯ ಬಸ್ಸು ತಪ್ಪಿತು. ಅವುಗಳಲ್ಲಿ ಒಂದು ದಿನ ನಮ್ಮ ಆಳಂದದ ಬಸ್ಸು ಹೆಚ್ಚು ತಡವಾಗಿಯೇ ಇರಲಿಲ್ಲ. ಆ ದಿನ ಜೇವರ್ಗಿಯದೇ ಎಂಟಕ್ಕೆ ಮೂರು ನಿಮಿಷ ಮುಂಚೆ ಹೊರಟುಹೋಗಿತ್ತು. ತಡವಾದ ಬಸ್ಸಿಗೆ ಕಾಯಬಹುದು. ಮುಂಚೆ ಹೋದ ಬಸ್ಸಿಗೆ ಏನು ಮಾಡುವುದು? ಬಾರದೇ ಹೋದ ಬಸ್ಸನ್ನೂ ಹಾಗೆಯೇ ಬೇರೆ ಗೆರೆಯಲ್ಲಿ ಬರೆಯಬೇಕು. ಖಾಲಿ ಬಿಟ್ಟರೆ ಅತಿ ಕೆಟ್ಟ ದಿನವೇ ಲೆಕ್ಕದಿಂದ ಮಾಯವಾಗಿ ಪಟ್ಟಿ ಚೆನ್ನಾಗಿ ಕಾಣುತ್ತದೆ.

ಇಷ್ಟನ್ನೂ ಒಂದೇ ಹಾಳೆಯಲ್ಲಿ ಬರೆದು, ಮಂಗಳವಾರದ ಪುಟವನ್ನು ಅಡಕಮಾಡಿ, ಸಂಬಂಧಪಟ್ಟ ಅಧಿಕಾರಿಗಳಲ್ಲಿಗೆ ಹೋದೆವು. ದೂರು ಎಂದು ಬರೆಯಲಿಲ್ಲ. ಬಸ್ಸು ಹತ್ತು ನಿಮಿಷ ಮುಂಚೆ ಹೊರಡಲಿ, ಅಥವಾ ಸೇರುವ ವೇಳೆಯನ್ನು 7-55 ಎಂದು ನಿಜವಾಗಿ ಬರೆದು ಜೇವರ್ಗಿಯದನ್ನು ಎಂಟೂ ಹತ್ತಕ್ಕೆ ಬಿಡಲಿ ಎಂದಷ್ಟೇ ಕೇಳಿದೆವು. ಅವರು ಕನ್ನಡಕವನ್ನು ಹಣೆಗೇರಿಸಿ ಹಾಳೆಯನ್ನು ಎರಡು ಸಲ ಓದಿದರು. ಬಳಿಕ ತೊಡಕನ್ನು ಬಿಡಿಸಿ ಹೇಳಿದರು: ಆ ಆರೂವರೆಯದು ವಸ್ತಿ ಬಸ್ಸು, ರಾತ್ರಿ ಹಳ್ಳಿಯೊಂದರಲ್ಲಿ ತಂಗಿ ಬೆಳಿಗ್ಗೆ ಆಳಂದಕ್ಕೆ ಬರುತ್ತದೆ. ಮುಂಚೆ ಹೊರಡಿಸಿದರೆ ಆ ಹಳ್ಳಿಯವರು ಇನ್ನೂ ಕತ್ತಲಲ್ಲಿ ಏಳಬೇಕು. ಇದು ನಮಗೆ ಹೊಳೆದಿರಲೇ ಇಲ್ಲ. ಎರಡನೆಯ ಸಲಹೆಯನ್ನು ಮೇಲಕ್ಕೆ ಬರೆಯುವೆನೆಂದೂ, “ಸಂಜೆಯ ಬಸ್ಸಿನದೂ ಇಪ್ಪತ್ತು ದಿನ ಬರೆದುಕೊಡಿರಿ, ಆಗ ಮಾತಿಗೆ ಬಲ ಬರುತ್ತದೆ” ಎಂದೂ ಹೇಳಿ ನಮ್ಮನ್ನು ಬೀಳ್ಕೊಟ್ಟರು.

ಎರಡುಗೆರೆ ಪುಸ್ತಕ ತುಂಬಿದ್ದಿತು. ಬರುವಾಗ ಹೊಸದೊಂದನ್ನು ಕೊಂಡುತಂದೆವು. ನಿನ್ನೆಗೆ ಅದರಲ್ಲಿ ಆರು ದಿನಗಳಾದುವು.